ಹಳೆಯ ವೇಳೆ, ಹೊಸ ವೇಳೆ: ಗ್ರೂಪ್‌ನಲ್ಲಿ ಗೊಂದಲವಿಲ್ಲದ ಪ್ರಕಟಣೆ ಬರೆಯುವುದು ಹೇಗೆ?

ದಾವಣಗೆರೆಯ ವಿದ್ಯಾನಗರದಲ್ಲಿ ಮನೆಯೊಂದರ ತಾರಸಿಯ ಮೇಲೆ, ತಗಡಿನ ಶೀಟು ಹೊದಿಸಿದ ಚಾವಣಿಯ ಕೆಳಗೆ ನಾವು ಫಿಟ್‌ನೆಸ್ ತರಗತಿ ನಡೆಸುತ್ತೇವೆ. ಏಪ್ರಿಲ್ ಬಂದರೆ ಅದರ ವೇಳೆಯನ್ನು ಬದಲಿಸದೆ ವಿಧಿಯಿಲ್ಲ. ತಿಂಗಳ ಮೊದಲ ವಾರದಲ್ಲಿ ಇಲ್ಲಿ ಸುಮಾರು 6:20ಕ್ಕೆ ಸೂರ್ಯೋದಯವಾಗುತ್ತದೆ. ಏಳೂವರೆ ದಾಟಿತೆಂದರೆ ಶೀಟು ಕಾಯತೊಡಗುತ್ತದೆ. ಸಂಜೆ ಐದೂವರೆಗೆ ಹೊರಗೆ ಬಿಸಿಲು ಇಳಿಯತೊಡಗಿದ್ದರೂ, ಹಗಲೆಲ್ಲ ಕಾದ ಶೀಟಿನ ಝಳ ಇನ್ನೂ ಕೆಳಗಿಳಿಯುತ್ತಲೇ ಇರುತ್ತದೆ. ಆದ್ದರಿಂದ ಬೆಳಗಿನ ಬ್ಯಾಚ್‌ಗಳು ಬೇಗ ಆರಂಭವಾಗಬೇಕು, ಸಂಜೆಯ ಬ್ಯಾಚ್ ತಡವಾಗಿ ಆರಂಭವಾಗಬೇಕು. ಒಂದೇ ಪ್ರಕಟಣೆಯಲ್ಲಿ ಎರಡು ವಿರುದ್ಧ ದಿಕ್ಕಿನ ಬದಲಾವಣೆಗಳನ್ನು ಹೇಳಬೇಕಾದಾಗ ಬರವಣಿಗೆ ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ನಾನು ಕಲಿತದ್ದು ನನ್ನದೇ ಒಂದು ಸಂದೇಶದಿಂದ.

ಒಂದು ಬೇಸಿಗೆಯಲ್ಲಿ, ರಾತ್ರಿ ಹನ್ನೊಂದರ ಸುಮಾರಿಗೆ, ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ನಾನು ಹೀಗೆ ಬರೆದಿದ್ದೆ:

```
ಬಿಸಿಲಿನ ಕಾರಣ ನಾಳೆಯಿಂದ ಬೆಳಗಿನ ಕ್ಲಾಸ್
ಅರ್ಧ ಗಂಟೆ ಮುಂದಕ್ಕೆ, ಸಂಜೆ ಬ್ಯಾಚ್ 6.30.
ದಯವಿಟ್ಟು ಎಲ್ಲರೂ ಸಹಕರಿಸಿ 🙏
```

ಮರುದಿನ ಬೆಳಿಗ್ಗೆ ಆರೂವರೆಗೆ, ಮೊದಲ ಬ್ಯಾಚ್‌ನವರು ಮ್ಯಾಟ್ ಸುತ್ತಿಕೊಂಡು ಇಳಿಯುತ್ತಿದ್ದಾಗ, ಅದೇ ಬ್ಯಾಚ್‌ನ ನಿವೃತ್ತ ಶಿಕ್ಷಕಿಯೊಬ್ಬರು ಕಂಕುಳಲ್ಲಿ ಮ್ಯಾಟ್ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದರು. "ಮೇಡಂ, ಮುಂದಕ್ಕೆ ಅಂದ್ರೆ ಲೇಟಾಗಿ ಅಂತ ತಿಳ್ಕೊಂಡೆ. ಪರೀಕ್ಷೆ ಮುಂದಕ್ಕೆ ಹೋಯ್ತು ಅಂದ್ರೆ ಲೇಟಾಗಿ ಅಂತಲೇ ಅಲ್ವಾ?" ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅವರು ಓದಿದ್ದು ಸರಿಯಾಗಿಯೇ ಇತ್ತು. ಸಂದೇಶವನ್ನು ಬೆಳಿಗ್ಗೆ ಎದ್ದ ಮೇಲೆ ತೆರೆದ ಇನ್ನು ಕೆಲವರು "ನಾಳೆಯಿಂದ" ಎಂಬುದನ್ನು ಅದರ ಮರುದಿನವೆಂದು ಲೆಕ್ಕ ಹಾಕಿ ಹಳೆಯ ವೇಳೆಗೇ ಬಂದಿದ್ದರು. ಮೂರು ಸಾಲಿನ ಸಂದೇಶದಲ್ಲಿ ಕಾರಣವೂ ಇತ್ತು, ವಿನಂತಿಯೂ ಇತ್ತು, ಕೈಮುಗಿಯುವ ಚಿತ್ರವೂ ಇತ್ತು. ಬೆಳಿಗ್ಗೆ ಎಷ್ಟು ಗಂಟೆಗೆ ಬರಬೇಕು ಎಂಬುದು ಮಾತ್ರ ಇರಲಿಲ್ಲ.

ಅದೇ ಬದಲಾವಣೆಯನ್ನು ಈಗ ಹೇಗೆ ಬರೆಯುತ್ತೇನೆ ಎಂಬುದನ್ನು 2026ರ ಏಪ್ರಿಲ್ ತಿಂಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಹಂತಹಂತವಾಗಿ ಹೇಳುತ್ತೇನೆ.

ಹಂತ 1: ಮೊಬೈಲ್ ಮುಟ್ಟುವ ಮೊದಲು ಕಾಗದದ ಮೇಲೆ ಬರೆಯಿರಿ

ನಮ್ಮಲ್ಲಿ ನಾಲ್ಕು ಬ್ಯಾಚ್‌ಗಳಿವೆ. ಬೆಳಿಗ್ಗೆ 6ರಿಂದ 7 ಮತ್ತು 7ರಿಂದ 8, ನೆಲಮಹಡಿಯ ಕೋಣೆಯಲ್ಲಿ ಗೃಹಿಣಿಯರಿಗಾಗಿ 10:30ರಿಂದ 11:30, ಸಂಜೆ 5:30ರಿಂದ 6:30. ಬೇಸಿಗೆಯಲ್ಲಿ ಬೆಳಗಿನ ಎರಡೂ ಬ್ಯಾಚ್‌ಗಳು ಅರ್ಧ ಗಂಟೆ ಬೇಗ ಆರಂಭವಾಗುತ್ತವೆ, ಸಂಜೆಯದು ಒಂದು ಗಂಟೆ ತಡವಾಗಿ ಆರಂಭವಾಗುತ್ತದೆ, ಗೃಹಿಣಿಯರದು ಹಾಗೆಯೇ ಉಳಿಯುತ್ತದೆ. ಇದನ್ನು ಕಾಗದದ ಮೇಲೆ ಎರಡು ಕಲಂಗಳಲ್ಲಿ ಬರೆದುಕೊಂಡು, ಪ್ರತಿ ಬ್ಯಾಚ್‌ಗೂ ಆರಂಭದ ಮತ್ತು ಮುಕ್ತಾಯದ ವೇಳೆ ಎರಡನ್ನೂ ತುಂಬಬೇಕು. ಆರಂಭದ ವೇಳೆಯನ್ನಷ್ಟೇ ಬರೆದರೆ ತರಗತಿಯ ಅವಧಿ ಕಡಿಮೆಯಾಗಿದೆಯೇ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಏಳೂವರೆಗೆ ಮುಗಿಯುತ್ತದೆಯೋ ಎಂಟಕ್ಕೋ ಎಂಬುದರ ಮೇಲೆ ಹರಿಹರದ ಬಸ್ಸು ಹಿಡಿಯುವವರ ಮತ್ತು ಮಕ್ಕಳ ಡಬ್ಬಿ ಕಟ್ಟುವವರ ಬೆಳಗು ನಿಂತಿರುತ್ತದೆ.

ಕಾಗದದ ಮೇಲೆ ಬರೆದಾಗಲೇ ಒಂದು ತೊಡಕು ಕಣ್ಣಿಗೆ ಬೀಳುತ್ತದೆ. ಹೊಸ ವೇಳಾಪಟ್ಟಿಯಲ್ಲಿ ಬೆಳಗಿನ ಎರಡನೆಯ ಬ್ಯಾಚ್ 6:30ಕ್ಕೆ ಆರಂಭವಾಗುತ್ತದೆ, ಸಂಜೆಯ ಬ್ಯಾಚ್ ಕೂಡ 6:30ಕ್ಕೇ ಆರಂಭವಾಗುತ್ತದೆ. "6:30ರ ಬ್ಯಾಚ್" ಎಂದು ಯಾರಾದರೂ ಬರೆದರೆ ಅದು ಯಾವುದು? ಇದಕ್ಕಿಂತ ಆಳವಾದ ತೊಡಕು ಹೆಸರಿನದು. ಸದಸ್ಯರು ತಮ್ಮ ಬ್ಯಾಚನ್ನು ವೇಳೆಯ ಹೆಸರಿನಿಂದಲೇ ಕರೆಯುತ್ತಾರೆ: ಆರು ಗಂಟೆ ಬ್ಯಾಚ್, ಏಳು ಗಂಟೆ ಬ್ಯಾಚ್. ಆರು ಗಂಟೆ ಬ್ಯಾಚ್ ಐದೂವರೆಗೆ ಆರಂಭವಾದ ದಿನದಿಂದ ಆ ಹೆಸರೇ ಸುಳ್ಳು ಹೇಳತೊಡಗುತ್ತದೆ. ಹಾಗಾಗಿ ಬದಲಾವಣೆಗೆ ಮೊದಲೇ ಬ್ಯಾಚ್‌ಗಳಿಗೆ ಗಡಿಯಾರಕ್ಕೆ ಸಂಬಂಧಿಸದ ಹೆಸರು ಕೊಡುವುದು ಒಳ್ಳೆಯದು. ನಾವು "ಬೆಳಗಿನ ಮೊದಲ ಬ್ಯಾಚ್", "ಬೆಳಗಿನ ಎರಡನೇ ಬ್ಯಾಚ್", "ಗೃಹಿಣಿಯರ ಬ್ಯಾಚ್", "ಸಂಜೆ ಬ್ಯಾಚ್" ಎಂದು ಇಟ್ಟುಕೊಂಡಿದ್ದೇವೆ. ಗೃಹಿಣಿಯರ ಬ್ಯಾಚ್‌ನ ವೇಳೆ ಬದಲಾಗದಿದ್ದರೂ ಅದನ್ನು ಪಟ್ಟಿಯಿಂದ ಬಿಡಬಾರದು. ಬಿಟ್ಟರೆ ಆ ಬ್ಯಾಚ್ ನಿಂತೇ ಹೋಯಿತೇನೋ ಎಂದು ಕೇಳುವ ಕರೆಗಳು ಬರುತ್ತವೆ.

ಹಂತ 2: ಎರಡು ಅರ್ಥ ಬರುವ ಪದಗಳನ್ನು ತೆಗೆದುಹಾಕಿ

ಮುಂದಕ್ಕೆ, ಹಿಂದಕ್ಕೆ ಎಂಬ ಎರಡು ಪದಗಳನ್ನು ಸಮಯದ ಪ್ರಕಟಣೆಯಲ್ಲಿ ಬಳಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದೂಡುವುದು ಎಂದರೆ ತಡ ಮಾಡುವುದು. ಆದರೆ ಗಡಿಯಾರದಲ್ಲಿ ಆರಕ್ಕಿಂತ ಐದೂವರೆ ಮುಂಚಿನದಾದ್ದರಿಂದ ಅದೇ "ಮುಂದಕ್ಕೆ"ಯನ್ನು ಬೇಗ ಎಂಬರ್ಥದಲ್ಲಿ ಹೇಳುವವರೂ ನಮ್ಮ ನಡುವೆ ಇದ್ದಾರೆ. "ಮೊದಲು", "ಮುಂಚೆ" ಎಂಬ ಪದಗಳಿಗೂ ಇದೇ ದೋಷವಿದೆ. "ಮುಂಚೆ 6ಕ್ಕೆ" ಎಂದರೆ ಇಷ್ಟು ದಿನ 6ಕ್ಕೆ ಇತ್ತು ಎಂದೂ ಆಗುತ್ತದೆ, ಇನ್ನು ಮೇಲೆ ಬೇಗ, 6ಕ್ಕೆ ಎಂದೂ ಆಗುತ್ತದೆ. "ಹಳೆಯದು", "ಹೊಸದು" ಎಂಬ ಜೋಡಿಗೆ ಮಾತ್ರ ಎರಡನೆಯ ಅರ್ಥವಿಲ್ಲ. ಎಷ್ಟು ಹೊತ್ತು ಬೇಗ ಅಥವಾ ತಡ ಎಂಬುದನ್ನು ಹೇಳುವ ಅಗತ್ಯವೂ ಇಲ್ಲ, ಏಕೆಂದರೆ ಓದುವವರಿಗೆ ಬೇಕಾದದ್ದು ವ್ಯತ್ಯಾಸವಲ್ಲ, ವೇಳೆ.

ದಿನದ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. "ನಾಳೆಯಿಂದ", "ಮುಂದಿನ ಸೋಮವಾರದಿಂದ" ಎಂಬ ಮಾತುಗಳ ಅರ್ಥ ಓದುವ ದಿನದ ಮೇಲೆ ನಿಲ್ಲುತ್ತದೆ, ಬರೆದ ದಿನದ ಮೇಲಲ್ಲ. "6/4ರಿಂದ" ಎಂದು ಅಂಕಿಯಲ್ಲಿ ಬರೆದರೆ ಹೆಚ್ಚಿನವರು ಏಪ್ರಿಲ್ 6 ಎಂದು ಓದಿದರೂ, ಫೋನಿನಲ್ಲಿ ತಿಂಗಳನ್ನೇ ಮೊದಲು ನೋಡಿ ರೂಢಿಯಾದವರು ಜೂನ್ 4 ಎಂದು ಓದಬಹುದು. ತಿಂಗಳ ಹೆಸರು, ತಾರೀಕು, ವಾರ ಮೂರನ್ನೂ ಬರೆಯಿರಿ: ಏಪ್ರಿಲ್ 6, ಸೋಮವಾರ. ಹೀಗೆ ಬರೆಯುವುದರಿಂದ ಬರೆಯುವವರಿಗೂ ಒಂದು ಲಾಭವಿದೆ. ತಾರೀಕು ತಪ್ಪಿದ್ದರೆ ವಾರ ತಾಳೆಯಾಗದೆ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಕ್ಯಾಲೆಂಡರ್ ತೆರೆದು ಒಮ್ಮೆ ತಾಳೆ ನೋಡಿ. 2026ರಲ್ಲಿ ಏಪ್ರಿಲ್ 6 ಸೋಮವಾರವೇ ಆಗಿದೆ.

ಹೊಸ ವೇಳೆ ಎಂದಿನಿಂದ ಎಂಬುದರ ಜೊತೆಗೆ ಹಳೆಯ ವೇಳೆ ಎಂದಿನವರೆಗೆ ಎಂಬುದನ್ನೂ ಬರೆಯಬೇಕು. ಪ್ರಕಟಣೆಯನ್ನು ಓದಿದ ಮರುದಿನದಿಂದಲೇ ಹೊಸ ವೇಳೆಗೆ ಬಂದು ಮುಚ್ಚಿದ ಗೇಟಿನ ಮುಂದೆ ನಿಲ್ಲುವ ಉತ್ಸಾಹಿಗಳು ಪ್ರತಿ ಬ್ಯಾಚ್‌ನಲ್ಲಿಯೂ ಒಬ್ಬಿಬ್ಬರು ಇರುತ್ತಾರೆ. ಭಾನುವಾರ ರಜೆ ಇರುವ ನಮ್ಮಂಥವರಿಗೆ ಶನಿವಾರ ಹಳೆಯದರ ಕೊನೆ, ಸೋಮವಾರ ಹೊಸದರ ಆರಂಭ ಎಂದಿಟ್ಟುಕೊಳ್ಳುವುದು ಸುಲಭ. ವಾರದ ನಡುವೆ ಬದಲಿಸಿದರೆ ಆ ವಾರವೆಲ್ಲ ಗೊಂದಲವೇ.

ಹಂತ 3: ಒಂದು ಬ್ಯಾಚ್, ಎರಡು ಸಾಲು

ಕಾಗದದ ಮೇಲಿನ ಎರಡು ಕಲಂಗಳನ್ನು ಹಾಗೆಯೇ ಮೊಬೈಲಿಗೆ ಇಳಿಸುವ ಆಸೆ ಸಹಜ. ಹಳೆಯ ವೇಳೆ ಎಡಕ್ಕೆ, ಹೊಸ ವೇಳೆ ಬಲಕ್ಕೆ ಬರುವಂತೆ ನಡುವೆ ಸ್ಪೇಸ್ ಒತ್ತಿ ಒತ್ತಿ ಜೋಡಿಸಿದರೆ ನಿಮ್ಮ ಫೋನಿನಲ್ಲಿ ಅದು ಚೆಂದವಾಗಿಯೇ ಕಾಣುತ್ತದೆ. ಆದರೆ ಕನ್ನಡದ ಅಕ್ಷರಗಳ ಅಗಲ ಒಂದೇ ಸಮನಾಗಿಲ್ಲ. "ರ"ಗೂ "ಳೆ"ಗೂ "ಬ್ಯಾ"ಗೂ ಬೇರೆ ಬೇರೆ ಜಾಗ ಬೇಕು, ಮತ್ತು ಫೋನಿನಿಂದ ಫೋನಿಗೆ ಅಕ್ಷರಶೈಲಿಯೂ ಬದಲಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬರಹದ ಎರಡೂ ತುದಿಗೆ ಮೂರು ಮೂರು ಬ್ಯಾಕ್‌ಟಿಕ್ ಚಿಹ್ನೆ ಹಾಕಿದರೆ ಇಂಗ್ಲಿಷ್ ಅಕ್ಷರಗಳು ಸಮ ಅಗಲಕ್ಕೆ ಬರುತ್ತವೆ ನಿಜ, ಆದರೆ ಕನ್ನಡಕ್ಕೆ ಆ ಉಪಾಯ ನಡೆಯುವುದಿಲ್ಲ. ಇದರ ಮೇಲೆ, ಕಣ್ಣಿಗೆ ಅನುಕೂಲವಾಗಲೆಂದು ಹಿರಿಯರು ಅಕ್ಷರದ ಗಾತ್ರವನ್ನು ಹೆಚ್ಚಿಸಿಕೊಂಡಿರುತ್ತಾರೆ. ಅವರ ಪರದೆಯಲ್ಲಿ ಬಲಗಡೆಯ ಕಲಂ ಮುರಿದು ಮುಂದಿನ ಸಾಲಿಗೆ ಬೀಳುತ್ತದೆ, ಮೊದಲ ಬ್ಯಾಚ್‌ನ ಹೊಸ ವೇಳೆ ಎರಡನೇ ಬ್ಯಾಚ್‌ನ ಹಳೆಯ ವೇಳೆಯ ತಲೆಯ ಮೇಲೆ ಕುಳಿತಿರುತ್ತದೆ.

ಆದ್ದರಿಂದ ಅಡ್ಡಕ್ಕೆ ಬರೆಯದೆ ಉದ್ದಕ್ಕೆ ಬರೆಯಬೇಕು. ಬ್ಯಾಚ್‌ನ ಹೆಸರು, ಅದರ ಕೆಳಗೆ ಹಳೆಯ ವೇಳೆ, ಅದರ ಕೆಳಗೆ ಹೊಸ ವೇಳೆ, ನಂತರ ಒಂದು ಖಾಲಿ ಸಾಲು. ಬ್ಯಾಚ್‌ಗಳ ನಡುವಿನ ಆ ಖಾಲಿ ಸಾಲನ್ನು ಜಾಗ ಉಳಿಸಲು ತೆಗೆಯಬೇಡಿ. ಯಾವ ವೇಳೆ ಯಾರದ್ದು ಎಂದು ತೋರಿಸುವ ಗೆರೆ ಅದೊಂದೇ. ನಮ್ಮ ಪ್ರಕಟಣೆಯನ್ನು ಟೈಪ್ ಮಾಡುವ ರೀತಿಯಲ್ಲಿಯೇ ಇಲ್ಲಿ ಕೊಟ್ಟಿದ್ದೇನೆ:

```
*ಸಮಯ ಬದಲಾವಣೆ: ಏಪ್ರಿಲ್ 6, ಸೋಮವಾರದಿಂದ*
ಏಪ್ರಿಲ್ 4, ಶನಿವಾರದವರೆಗೆ ಹಳೆಯ ವೇಳೆಯೇ ಇರುತ್ತದೆ.

*ಬೆಳಗಿನ ಮೊದಲ ಬ್ಯಾಚ್*
ಹಳೆಯದು: ಬೆಳಿಗ್ಗೆ 6:00 – 7:00
ಹೊಸದು: *ಬೆಳಿಗ್ಗೆ 5:30 – 6:30*

*ಬೆಳಗಿನ ಎರಡನೇ ಬ್ಯಾಚ್*
ಹಳೆಯದು: ಬೆಳಿಗ್ಗೆ 7:00 – 8:00
ಹೊಸದು: *ಬೆಳಿಗ್ಗೆ 6:30 – 7:30*

*ಗೃಹಿಣಿಯರ ಬ್ಯಾಚ್*
ಬದಲಾವಣೆ ಇಲ್ಲ: ಬೆಳಿಗ್ಗೆ 10:30 – 11:30

*ಸಂಜೆ ಬ್ಯಾಚ್*
ಹಳೆಯದು: ಸಂಜೆ 5:30 – 6:30
ಹೊಸದು: *ಸಂಜೆ 6:30 – 7:30*

ಸೋಮವಾರದಿಂದ ಶನಿವಾರ. ಭಾನುವಾರ ರಜೆ.
ಮೇ 30, ಶನಿವಾರದವರೆಗೆ (ಆ ದಿನವೂ ಸೇರಿ) ಹೊಸ ವೇಳೆ.
ಜೂನ್ 1, ಸೋಮವಾರದಿಂದ ಮತ್ತೆ ಹಳೆಯ ವೇಳೆ.

ಕಾರಣ: ಬೇಸಿಗೆಯಲ್ಲಿ ತಾರಸಿಯ ಶೀಟಿನ ಬಿಸಿ.
ಹೊಸ ವೇಳೆ ಹೊಂದದಿದ್ದರೆ ಏಪ್ರಿಲ್ 2, ಗುರುವಾರದೊಳಗೆ
ನನಗೆ ವೈಯಕ್ತಿಕವಾಗಿ ಬರೆಯಿರಿ.
```

ಇಲ್ಲಿನ ನಕ್ಷತ್ರ ಚಿಹ್ನೆಗಳ ನಡುವಿನ ಪದಗಳು ವಾಟ್ಸ್ಆ್ಯಪ್‌ನಲ್ಲಿ ದಪ್ಪಕ್ಷರವಾಗಿ ಕಾಣುತ್ತವೆ. ಚಿಹ್ನೆಗೂ ಅದರ ಒಳಗಿನ ಪದಕ್ಕೂ ನಡುವೆ ಜಾಗ ಬಿಡಬಾರದು. ಬಿಟ್ಟರೆ ಅಕ್ಷರ ದಪ್ಪವಾಗುವುದಿಲ್ಲ, ಚಿಹ್ನೆಗಳು ಹಾಗೆಯೇ ಉಳಿದು ಗಲೀಜಾಗಿ ಕಾಣುತ್ತವೆ. ಪ್ರತಿ ಸಾಲಿಗೂ ಬೇರೆಯಾಗಿಯೇ ಚಿಹ್ನೆ ಹಾಕಬೇಕು. ಮೊದಲ ಸಾಲು, ಬ್ಯಾಚ್‌ನ ಹೆಸರು ಮತ್ತು ಹೊಸ ವೇಳೆ ಮಾತ್ರ ದಪ್ಪವಾಗಿವೆ ಎಂಬುದನ್ನು ಗಮನಿಸಿ. ಕಣ್ಣು ಹಾಯಿಸಿ ಓದುವವರಿಗೆ ಅವಷ್ಟೇ ಕಂಡರೂ ಸಾಕು. ಹಳೆಯ ವೇಳೆಯನ್ನೂ ದಪ್ಪ ಮಾಡಿದರೆ ಈ ಲಾಭವೆಲ್ಲ ಹೋಗುತ್ತದೆ.

ಹಳೆಯ ವೇಳೆಯನ್ನು ಅಲೆಗೆರೆಗಳ ನಡುವೆ ಬರೆದು ಹೊಡೆದುಹಾಕಿದಂತೆ ತೋರಿಸುವ ಸೌಲಭ್ಯವೂ ಇದೆ (`~6:00~`). ನಾನೂ ಒಮ್ಮೆ ಬಳಸಿ ನೋಡಿದೆ, ಈಗ ಬಿಟ್ಟಿದ್ದೇನೆ. ಸಣ್ಣ ಪರದೆಯಲ್ಲಿ ಅಂಕಿಯ ನಡುವೆ ಗೆರೆ ಹಾದುಹೋದಾಗ 0 ಎಂಬುದು 8ರಂತೆ ಕಾಣುತ್ತದೆ. ದೃಷ್ಟಿ ಕಡಿಮೆಯಿರುವವರು ಸಂದೇಶವನ್ನು ಫೋನಿನಿಂದಲೇ ಓದಿಸಿಕೊಳ್ಳುವಾಗ ಆ ಗೆರೆ ಸಾಮಾನ್ಯವಾಗಿ ಕಿವಿಗೆ ಬೀಳುವುದಿಲ್ಲ, ಹಾಗಾಗಿ ಅವರಿಗೆ ಎರಡು ವೇಳೆಗಳೂ ಚಾಲ್ತಿಯಲ್ಲಿವೆ ಎಂದೇ ಕೇಳಿಸುತ್ತದೆ. "ಹಳೆಯದು" ಎಂಬ ಪದ ಕಣ್ಣಿಗೂ ಕಿವಿಗೂ ಒಂದೇ ಅರ್ಥ ಕೊಡುತ್ತದೆ.

ಮೊದಲ ಸಾಲಿನ ಬಗ್ಗೆ ಒಂದು ಮಾತು. ಫೋನಿನ ಪರದೆಯ ಮೇಲೆ ಸೂಚನೆಯಾಗಿ ಮೂಡುವುದು ಸಂದೇಶದ ಆರಂಭ ಮಾತ್ರ, ಮತ್ತು ಗ್ರೂಪನ್ನು ಮ್ಯೂಟ್ ಮಾಡಿದವರಿಗೆ ಪಟ್ಟಿಯಲ್ಲಿ ಕಾಣುವುದೂ ಅಷ್ಟೇ. "ಎಲ್ಲರಿಗೂ ನಮಸ್ಕಾರ, ಎಲ್ಲರೂ ಆರೋಗ್ಯವಾಗಿದ್ದೀರೆಂದು ಭಾವಿಸುತ್ತೇನೆ" ಎಂದು ಆರಂಭಿಸಿದರೆ ಆ ಜಾಗ ನಮಸ್ಕಾರಕ್ಕೇ ಮುಗಿಯುತ್ತದೆ. ಇದು ಮರ್ಯಾದೆಗೆ ಕುಂದಲ್ಲವೇ ಎಂದು ಕೇಳುವವರಿದ್ದಾರೆ. ನಮಸ್ಕಾರವನ್ನು ಕೊನೆಯಲ್ಲಿ ಹೇಳಬಹುದು. ಕಾರಣವನ್ನು ಕೊನೆಗೆ ತಳ್ಳಿರುವುದೂ ಇದಕ್ಕಾಗಿಯೇ. ಶುಲ್ಕ, ಹೊಸ ಮ್ಯಾಟ್, ಹಬ್ಬದ ರಜೆ ಮುಂತಾದ ಬೇರೆ ವಿಷಯಗಳಿದ್ದರೆ ಅವುಗಳಿಗೆ ಬೇರೆ ಸಂದೇಶ ಬರೆಯಿರಿ.

ಪ್ರಕಟಣೆಯನ್ನು ಬಣ್ಣದ ಚಿತ್ರವಾಗಿ ಮಾಡಿಸಿ ಹಾಕುವ ರೂಢಿಯೂ ಇದೆ. ಚಿತ್ರ ನೋಡಲು ಚೆಂದ, ಗೇಟಿನ ಮೇಲೆ ಅಂಟಿಸಲು ಅನುಕೂಲ. ಆದರೆ ಮೊಬೈಲ್ ಡೇಟಾ ಉಳಿಸಲು ಚಿತ್ರಗಳು ತಾವಾಗಿ ಇಳಿಯದಂತೆ ಮಾಡಿಕೊಂಡವರಿಗೆ ಅದು ಮಸುಕಾದ ಚೌಕವಾಗಿಯೇ ಉಳಿಯುತ್ತದೆ, ಮತ್ತು ಹದಿನೈದು ದಿನಗಳ ನಂತರ "ಸಂಜೆ ಬ್ಯಾಚ್" ಎಂದು ಗ್ರೂಪ್‌ನಲ್ಲಿ ಹುಡುಕಿದವರಿಗೆ ಚಿತ್ರದೊಳಗಿನ ಅಕ್ಷರಗಳು ಸಿಕ್ಕುತ್ತವೆಂಬ ಭರವಸೆಯಿಲ್ಲ. ಚಿತ್ರ ಹಾಕಲೇಬೇಕೆಂದಿದ್ದರೆ ಅದೇ ವಿಷಯವನ್ನು ಅಕ್ಷರದಲ್ಲಿಯೂ ಬರೆಯಿರಿ.

ಹಂತ 4: ಗ್ರೂಪ್‌ಗೆ ಕಳುಹಿಸುವ ಮೊದಲು ಒಬ್ಬರಿಗೆ ಕಳುಹಿಸಿ

ದೊಡ್ಡ ಅಕ್ಷರ ಇಟ್ಟುಕೊಂಡಿರುವ ಹಿರಿಯ ಸದಸ್ಯರೊಬ್ಬರಿಗೆ ಸಂದೇಶವನ್ನು ಮೊದಲು ಕಳುಹಿಸಿ, ಓದಿ ಮುಗಿಸಿದ ಮೇಲೆ ಎರಡು ಪ್ರಶ್ನೆ ಕೇಳಿ: ನೀವು ಎಷ್ಟು ಗಂಟೆಗೆ ಬರುತ್ತೀರಿ, ಎಂದಿನಿಂದ? "ಅರ್ಥವಾಯಿತೇ" ಎಂದು ಕೇಳಬೇಡಿ, ಅದಕ್ಕೆ ಬರುವ ಉತ್ತರ ಯಾವಾಗಲೂ "ಹೂಂ" ಎಂಬುದೇ ಆಗಿರುತ್ತದೆ. ನನ್ನ ಈಗಿನ ಪರೀಕ್ಷಕರು ಅದೇ ನಿವೃತ್ತ ಶಿಕ್ಷಕಿ. ಮೇ 30ರ ಸಾಲಿಗೆ "ಆ ದಿನವೂ ಸೇರಿ" ಎಂದು ಸೇರಿಸಿಸಿದವರು ಅವರೇ. "ವರೆಗೆ" ಎಂದರೆ ಶನಿವಾರ ಸೇರುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಹಂತ 5: ಕಳುಹಿಸುವ ಹೊತ್ತು, ಪಿನ್, ಹೆಬ್ಬೆರಳು

ಏಪ್ರಿಲ್ 6ರ ಬದಲಾವಣೆಯನ್ನು ಮಾರ್ಚ್ 30, ಸೋಮವಾರ ರಾತ್ರಿ ಎಂಟರ ಸುಮಾರಿಗೆ ಕಳುಹಿಸುವುದು ನಮ್ಮ ಕ್ರಮ. ಬೆಳಗಿನವರೂ ಸಂಜೆಯವರೂ ಆ ಹೊತ್ತಿಗೆ ಫೋನ್ ನೋಡುತ್ತಾರೆ, ಮನೆಯವರ ಜೊತೆ ಮಾತಾಡಿ ಹೊಂದಿಸಿಕೊಳ್ಳಲು ಒಂದು ವಾರವೂ ಸಿಗುತ್ತದೆ.

ಪ್ರಕಟಣೆ ಹಾಕಿದ ಕೂಡಲೇ "ಓಕೆ ಮೇಡಂ", "ಸರಿ ಅಕ್ಕ" ಎಂಬ ಸಾಲುಗಳು ಸುರಿಯತೊಡಗುತ್ತವೆ, ಹತ್ತು ನಿಮಿಷದಲ್ಲಿ ಪ್ರಕಟಣೆಯೇ ಮೇಲಕ್ಕೆ ಸರಿದು ಕಾಣದಾಗುತ್ತದೆ. ಇದನ್ನು ತಡೆಯಲು ಎರಡು ಕೆಲಸ ಮಾಡಬೇಕು. ಸಂದೇಶವನ್ನು ಒತ್ತಿ ಹಿಡಿದು ಪಿನ್ ಮಾಡಿದರೆ ಅದು ಗ್ರೂಪ್‌ನ ತಲೆಯಲ್ಲಿ ನಿಲ್ಲುತ್ತದೆ. 24 ಗಂಟೆ, 7 ದಿನ, 30 ದಿನ ಎಂಬ ಮೂರು ಅವಧಿಗಳಲ್ಲಿ 30 ದಿನವನ್ನೇ ಆರಿಸಿ, ಏಕೆಂದರೆ ಮಾರ್ಚ್ 30ರಂದು ಆರಿಸಿದ 7 ದಿನ ಸರಿಯಾಗಿ ಬದಲಾವಣೆಯ ದಿನಕ್ಕೇ ಮುಗಿಯುತ್ತದೆ. ಎರಡನೆಯದಾಗಿ, ಉತ್ತರ ಬರೆಯುವ ಬದಲು ಪ್ರಕಟಣೆಯ ಮೇಲೆಯೇ ಹೆಬ್ಬೆರಳಿನ ಗುರುತು ಒತ್ತುವಂತೆ ಕೇಳಿಕೊಳ್ಳಿ. ಅದು ಹೊಸ ಸಂದೇಶವಾಗಿ ಸಾಲಿನಲ್ಲಿ ಸೇರುವುದಿಲ್ಲ.

ಯಾರು ಓದಿದ್ದಾರೆ, ಯಾರಿಗೆ ತಲುಪಿದೆ ಆದರೆ ತೆರೆದಿಲ್ಲ ಎಂಬುದು ಸಂದೇಶದ ಮಾಹಿತಿಯಲ್ಲಿ ಹೆಸರು ಸಮೇತ ಸಿಗುತ್ತದೆ. ಗುರುವಾರ ಸಂಜೆ ಆ ಪಟ್ಟಿಯನ್ನು ತೆರೆದು, ಇನ್ನೂ ಓದದವರಿಗೆ ನೇರವಾಗಿ ಕರೆ ಮಾಡಿ. ಅಂಥವರು ಸಾಮಾನ್ಯವಾಗಿ ನಾಲ್ಕೈದು ಮಂದಿ ಮಾತ್ರ. ಆದರೆ ಸೋಮವಾರ ಬೆಳಿಗ್ಗೆ ತಪ್ಪು ವೇಳೆಗೆ ಬರುವವರೂ ಬಹುತೇಕ ಅವರೇ.

ಹಂತ 6: ತಪ್ಪು ಉಳಿದುಬಿಟ್ಟರೆ

ಕಳುಹಿಸಿದ ಸಂದೇಶವನ್ನು ವಾಟ್ಸ್ಆ್ಯಪ್‌ನಲ್ಲಿ 15 ನಿಮಿಷದೊಳಗೆ ತಿದ್ದಬಹುದು. ಕಾಗುಣಿತದ ತಪ್ಪಿಗೆ ಅದು ಸಾಕು. ವೇಳೆಯೋ ತಾರೀಕೋ ತಪ್ಪಿದ್ದರೆ ಸಾಲದು, ಏಕೆಂದರೆ ತಿದ್ದಿದ್ದಕ್ಕೆ ಹೊಸ ಸೂಚನೆ ಹೋಗುವುದಿಲ್ಲ. ಮೊದಲ ನಿಮಿಷದಲ್ಲಿಯೇ ಓದಿ ಫೋನ್ ಕೆಳಗಿಟ್ಟವರು ತಪ್ಪನ್ನೇ ತಲೆಯಲ್ಲಿ ಇಟ್ಟುಕೊಂಡಿರುತ್ತಾರೆ. ಆಗ ಹಳೆಯ ಸಂದೇಶವನ್ನು ಎಲ್ಲರಿಗೂ ಅಳಿಸುವ ಆಯ್ಕೆಯಿಂದ ತೆಗೆದು, "ತಿದ್ದಿದ ಪ್ರಕಟಣೆ: ಸಂಜೆ ಬ್ಯಾಚ್‌ನ ವೇಳೆ ಮೊದಲಿನ ಸಂದೇಶದಲ್ಲಿ ತಪ್ಪಾಗಿತ್ತು" ಎಂಬ ತಲೆಬರಹದೊಂದಿಗೆ ಇಡೀ ಪ್ರಕಟಣೆಯನ್ನು ಮತ್ತೆ ಹಾಕಿ. "ಕ್ಷಮಿಸಿ, 6:30 ಅಲ್ಲ 6:15" ಎಂದು ತುಂಡು ಸಾಲು ಹಾಕುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಆ ಸಾಲನ್ನು ಮಾತ್ರ ನೋಡಿದವರಿಗೆ ಅದು ಬೆಳಗಿನದೋ ಸಂಜೆಯದೋ ತಿಳಿಯುವುದಿಲ್ಲ, ನಮ್ಮ ಪಟ್ಟಿಯಲ್ಲಂತೂ 6:30 ಎರಡು ಕಡೆ ಇದೆ.

ಹಂತ 7: ಹಿಂದಿನ ಸಂಜೆ, ಮತ್ತು ಹಳೆಯ ಗುರುತುಗಳು

ಏಪ್ರಿಲ್ 5, ಭಾನುವಾರ ಸಂಜೆ ಒಂದು ನೆನಪೋಲೆ ಹೋಗಬೇಕು. ಅದರಲ್ಲಿ ಹಳೆಯ ವೇಳೆಗಳು ಬೇಡ, ನಾಲ್ಕು ಬ್ಯಾಚ್‌ಗಳ ಚಾಲ್ತಿ ವೇಳೆಗಳು ಮಾತ್ರ ಸಾಕು; ಬದಲಾವಣೆಯನ್ನು ಅರ್ಥಮಾಡಿಸುವ ಹೊತ್ತು ಆಗಲೇ ಕಳೆದಿರುತ್ತದೆ. "ನಾಳೆ" ಎಂದು ಬರೆಯುವುದಾದರೆ "ನಾಳೆ, ಏಪ್ರಿಲ್ 6, ಸೋಮವಾರ" ಎಂದೇ ಬರೆಯಿರಿ.

ಅದೇ ಸಂಜೆ, ಹಳೆಯ ವೇಳೆ ಇನ್ನೂ ಎಲ್ಲೆಲ್ಲಿ ಕುಳಿತಿದೆ ಎಂದು ಹುಡುಕಬೇಕು. ಗ್ರೂಪ್‌ನ ವಿವರಣೆಯಲ್ಲಿ, ಹೊಸಬರು ವಿಚಾರಿಸಿದಾಗ ನೀವು ಕಳುಹಿಸುವ ಸಿದ್ಧ ಉತ್ತರದಲ್ಲಿ, ಹಿಂದೆ ಪಿನ್ ಮಾಡಿದ ಸಂದೇಶದಲ್ಲಿ, ಗೇಟಿನ ಬೋರ್ಡಿನಲ್ಲಿ. ನಮ್ಮಲ್ಲಿ ಕೊನೆಯದು ಮರೆತುಹೋಗಿ, ಗ್ರೂಪ್‌ನಲ್ಲಿ ಇಲ್ಲದ ಹೊಸಬರೊಬ್ಬರು ಬೋರ್ಡ್ ನೋಡಿಕೊಂಡು ಸಂಜೆ ಐದೂವರೆಗೆ ಬಂದು ಒಂದು ಗಂಟೆ ಮೆಟ್ಟಿಲ ಮೇಲೆ ಕುಳಿತಿದ್ದರು. ಈಗ ಬೋರ್ಡಿನ ಮೇಲೆ ವೇಳೆಯನ್ನು ಬರೆಸಿಲ್ಲ. ಬದಲಿಸಬಹುದಾದ ಒಂದು ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತೂಗುಹಾಕಿದ್ದೇವೆ, ಅದರ ಮೂಲೆಯಲ್ಲಿ ಎಂದಿನಿಂದ ಎಂದಿನವರೆಗೆ ಎಂಬ ತಾರೀಕುಗಳಿವೆ.

ಪಿನ್ ಮಾಡಿದ ಪ್ರಕಟಣೆ ಏಪ್ರಿಲ್ ಕೊನೆಗೆ ತಾನಾಗಿ ಇಳಿಯುತ್ತದೆ. ಆಗ ಅದನ್ನು ಮತ್ತೊಮ್ಮೆ 30 ದಿನಗಳಿಗೆ ಪಿನ್ ಮಾಡಬೇಕು. ಜೂನ್ 1ರ ಮರಳುವಿಕೆಯನ್ನು ಎರಡು ತಿಂಗಳ ಹಿಂದೆಯೇ ಬರೆದಿದ್ದೇವೆಂದು ಸುಮ್ಮನಿರುವಂತಿಲ್ಲ. ಮೇ 25, ಸೋಮವಾರ ರಾತ್ರಿ ಎಂಟಕ್ಕೆ ಇದೇ ನಮೂನೆಯಲ್ಲಿ ಇನ್ನೊಂದು ಪ್ರಕಟಣೆ ಹೋಗುತ್ತದೆ. ಅದರಲ್ಲಿ "ಹಳೆಯದು" ಎಂಬುದರ ಮುಂದೆ ಬರುವುದು ಬೆಳಿಗ್ಗೆ 5:30, "ಹೊಸದು" ಎಂಬುದರ ಮುಂದೆ ಬರುವುದು ಬೆಳಿಗ್ಗೆ 6:00. ಏಪ್ರಿಲ್‌ನ ಪ್ರಕಟಣೆಯನ್ನೇ ನಕಲು ಮಾಡಿ ತಾರೀಕು ಮಾತ್ರ ಬದಲಿಸಿ ಕಳುಹಿಸಿದರೆ ಇವೆರಡು ತಲೆಕೆಳಗಾಗಿಯೇ ಉಳಿದುಬಿಡುತ್ತವೆ, ಆದ್ದರಿಂದ ಅದನ್ನೂ ಕಾಗದದಿಂದಲೇ ಆರಂಭಿಸಿ.